ತವರಿನ ಲೆಕ್ಕಕ್ಕೆ ಬಿಟ್ಟ ಮಂಚ

ಸಾಲ ಮಾಡಿ ಮನೆ ಕಟ್ಟಿಸುವುದು ಎಲ್ಲರಿಗೂ ಗೊತ್ತು. ಕಟ್ಟಿಸಿದ ಮನೆಯೊಳಗೆ ಏನಿಟ್ಟುಕೊಂಡು ಬದುಕಬೇಕು ಎನ್ನುವುದಕ್ಕೆ ಬ್ಯಾಂಕಿನವರು ಒಂದು ಬಿಡಿಗಾಸೂ ಕೊಡುವುದಿಲ್ಲ. ಸೋಮವಾರಪೇಟೆಯ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ನಮ್ಮ ಮನೆಗೆ ಬಣ್ಣ ಹೊಡೆದು ಮುಗಿದಾಗ ನಮ್ಮ ಕೈಲಿ ಉಳಿದದ್ದು ಎರಡು ಲಕ್ಷ. ಒಂದು ಭಾನುವಾರ ಬೆಳಿಗ್ಗೆ, ಖಾಲಿ ಹಾಲಿನಲ್ಲಿ ಸಿಮೆಂಟ್ ಚೀಲ ಹಾಸಿಕೊಂಡು, ನಾನೂ ನನ್ನ ಗಂಡನೂ ಪಟ್ಟಿ ಬರೆಯಲು ಕೂತೆವು.

ಅವರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಯಾವ ಕೆಲಸಕ್ಕೂ ಮೊದಲು ಟೇಪು ಹಿಡಿಯುವ ಮನುಷ್ಯ. ಪ್ರತಿ ಕೋಣೆಯ ಉದ್ದ ಅಗಲ, ಬಾಗಿಲ ಅಗಲ, ಪ್ಲಗ್ಗಿನ ಜಾಗ ಎಲ್ಲ ಬರೆದುಕೊಂಡರು. ಆಮೇಲೆ ಕಾಗದವನ್ನು ಮೂರು ಭಾಗ ಮಾಡಿದರು. ಮನೆ ಹೊಕ್ಕ ದಿನವೇ ಬೇಕಾದ್ದು, ಮಳೆಗೆ ಮುಂಚೆ ಬೇಕಾದ್ದು, ಆಮೇಲೆ ನೋಡಿದರಾಯಿತು ಎನ್ನುವಂಥದ್ದು. ಒಟ್ಟು ದುಡ್ಡಿನಲ್ಲಿ ಇಪ್ಪತ್ತು ಸಾವಿರ ತೆಗೆದು ಪಕ್ಕಕ್ಕಿಟ್ಟರು. ಸಾಮಾನು ತರುವ ಗಾಡಿ ಬಾಡಿಗೆ, ಫಿಟ್ಟಿಂಗು, ಮರೆತುಹೋದ ಬಕೆಟ್ಟು, ಡೋರ್‌ಮ್ಯಾಟು, ಇಂಥವಕ್ಕೇ ದುಡ್ಡು ಸೋರಿಹೋಗುತ್ತದೆ ಎನ್ನುವುದು ಅವರ ವಾದ. ನಾನು ಪ್ರೈಮರಿ ಶಾಲೆಯ ಮೇಷ್ಟ್ರಮ್ಮ. ನನಗೆ ಇನ್ನೊಬ್ಬರು ಪಾಠ ಹೇಳಿದರೆ ಆಗುವುದಿಲ್ಲ. ಆದರೂ ಅವರ ಮಾತು ಸರಿ ಇತ್ತು.

"ದಿನಾ ಮೈಗೆ ತಾಗೋದು ಮೊದಲು. ಬೇಯ್ಸೋದು, ಮೀಯೋದು, ಮಲ್ಗೋದು. ನೆಂಟ್ರು ಕೂರೋದು ಆಮೇಲೆ," ಎಂದರು.

ಹಾಗೇ ಬರೆದೆವು. ಗ್ಯಾಸ್ ಒಲೆ, ಕುಕ್ಕರ್, ಫ್ಯಾನು, ಗೀಸರ್, ಫ್ರಿಜ್ಜು. ಮಳೆಗೆ ಮುಂಚೆ ಇನ್ವರ್ಟರು. ಲೈನ್‌ಮನ್ ಮನೆಗೇ ಇನ್ವರ್ಟರಾ ಎಂದು ನಗಬೇಡಿ. ಜುಲೈನಲ್ಲಿ ಮರ ಬಿದ್ದರೆ ಎಷ್ಟು ದಿನ ಕತ್ತಲು ಎಂದು ಲೈನ್‌ಮನ್ನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕರ್ಟನ್ನು ಮಲಗುವ ಕೋಣೆಗೆ ಮಾತ್ರ. ಸೋಫಾ ಮೂರನೇ ಭಾಗಕ್ಕೆ, ಆರು ಪ್ಲಾಸ್ಟಿಕ್ ಕುರ್ಚಿ ಸಾಕು. ಬೀರು ಇತ್ತು. ಅಪ್ಪ ಮದುವೆಗೆ ಕೊಟ್ಟದ್ದು.

ಮಂಚ ಎಂದು ಅವರು ಬರೆಯಲು ಹೊರಟಾಗ ಪೆನ್ನು ಕಿತ್ತುಕೊಂಡೆ. "ಅದು ನಮ್ಮಪ್ಪನ ಲೆಕ್ಕ," ಎಂದೆ.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಮಗಳ ಸಂಸಾರಕ್ಕೆ ಬೀರು, ಮಂಚ ತವರಿನಿಂದ ಬರುವುದು ರೂಢಿ. ಯಾರೂ ಕೇಳುವುದಿಲ್ಲ, ಯಾರೂ ಬಿಡುವುದೂ ಇಲ್ಲ. ನನ್ನ ಮದುವೆಯಾದಾಗ ನಾವಿದ್ದ ಬಾಡಿಗೆ ಮನೆಯಲ್ಲಿ ಓನರಿನ ಹಳೇ ಮಂಚವೇ ಕೋಣೆ ತುಂಬಾ ಇತ್ತು. ಬೀರು ಇಳಿಸಿದ ದಿನ ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟು, "ಮಂಚ ನಿನ್ ಸ್ವಂತ ಮನೆ ಆದಾಗ ಕಣ್ ಮಗ. ಹಲಸಿನ ಮರದ್ದೇ ಮಾಡಿಸ್ತೀನಿ," ಎಂದಿದ್ದರು. ಅಪ್ಪ ಕೊಡ್ಲಿಪೇಟೆಯ ಹತ್ತಿರ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಹಣ್ಣು ಕೊಯ್ಯುವ ಪಿಕ್ಕಿಂಗಿನ ಲೆಕ್ಕ ಬರೆದೇ ಆಯಸ್ಸು ಕಳೆದರು. ಕೊಟ್ಟ ಮಾತು ಅವರ ಪಾಲಿಗೆ ಪುಸ್ತಕಕ್ಕೆ ಏರಿಸಿದ ಲೆಕ್ಕ.

ನಾನು ಅವತ್ತೇ ಫೋನು ಹಚ್ಚಿದೆ. "ಅಪ್ಪಾ, ರೂಮು ಹತ್ತಕ್ಕೆ ಹನ್ನೊಂದು. ಮಂಚ ಐದಡಿ ಅಗಲ ಸಾಕು, ಆರಡಿ ಮಾಡಿಸ್ಬೇಡ, ಬೀರು ಬಾಗ್ಲು ತೆಗೆಯಕ್ಕಾಗಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಐದಡಿ. ಆಯ್ತು ಮಗ," ಎಂದರು.

ಆ ಸ್ವಲ್ಪ ಹೊತ್ತು ನನ್ನ ಕಿವಿಗೆ ಬೀಳಲಿಲ್ಲ. ಹಿಂದಿನ ವರ್ಷ ಅಮ್ಮನ ಎರಡೂ ಮಂಡಿಗೆ ಆಪರೇಶನ್ ಆಗಿತ್ತು. ಎಷ್ಟಾಯ್ತು ಎಂದು ಕೇಳಿದಾಗ ಅಪ್ಪ, "ಆಗೋಯ್ತು ಬಿಡು" ಎಂದಿದ್ದರು, ನಾನು ಬಿಟ್ಟುಬಿಟ್ಟೆ. ಅವರಿಗಿದ್ದ ಒಂದೂವರೆ ಎಕರೆ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಅರ್ಧಕ್ಕರ್ಧ ಒಣಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಎರಡಕ್ಕೆ ಎರಡು ನಾಲ್ಕು ಎಂದು ಮಕ್ಕಳಿಗೆ ಹೇಳಿಕೊಡುವವಳಿಗೆ ಈ ಎರಡನ್ನು ಕೂಡಿಸಲು ಬರಲಿಲ್ಲ. ಬರಲಿಲ್ಲ ಎಂದರೆ ಸುಳ್ಳು. ನನಗೆ ಹಲಸಿನ ಮಂಚ ಬೇಕಿತ್ತು.

ಗೃಹಪ್ರವೇಶಕ್ಕೆ ಅಪ್ಪ ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದರು. ಅಮ್ಮ ಚಿಕ್ಕಪ್ಪನ ಜೊತೆ ಸೀರೆ, ಹಿತ್ತಾಳೆ ದೀಪ ತಂದಳು. ಮನೆ ನೋಡಲು ಬಂದ ಹೆಂಗಸರು ಅಡುಗೆಮನೆ ನೋಡಿ, ಗೀಸರ್ ನೋಡಿ, ಮಲಗುವ ಕೋಣೆಗೆ ಬಂದು ನಿಂತರು. ನೆಲದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. "ಮಂಚ ಇನ್ನೂ ತಂದಿಲ್ವೇನೇ?" ಎಂದು ನನ್ನ ನಾದಿನಿ ಕೇಳಿದಳು.

"ನಮ್ಮಪ್ಪ ಹಲಸಿಂದು ಮಾಡಿಸ್ತಾವ್ರೆ. ಅಂಗಡಿ ಪ್ಲೈವುಡ್ ನಮ್ಗೆ ಬ್ಯಾಡ," ಎಂದೆ, ಇಡೀ ಮನೆಗೆ ಕೇಳುವ ಹಾಗೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಅಮ್ಮ ಬಾಗಿಲ ಹತ್ತಿರವೇ ಇದ್ದಳು. ಅವಳು ದೀಪದ ಬತ್ತಿ ಸರಿಮಾಡಿದಳು.

ಮಳೆ ಹಿಡಿಯಿತು. ಹೊಸ ಸಿಮೆಂಟಿನ ನೆಲ ಥಂಡಿ ಕಾರುತ್ತಿತ್ತು. ಹಾಸಿಗೆಯನ್ನು ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಬೂಷ್ಟು. ಚಾಪೆ, ಅದರ ಮೇಲೆ ಟಾರ್ಪಾಲು, ಅದರ ಮೇಲೆ ಹಾಸಿಗೆ ಹಾಕಿದರೂ ಇವರ ಸೊಂಟ ಹಿಡಿದುಕೊಂಡಿತು. ಕಂಬ ಹತ್ತಿ ಇಳಿಯುವವರಿಗೆ ಸೊಂಟ ಹಿಡಿದರೆ ಏನು ಗತಿ? ಸೆಪ್ಟೆಂಬರಿನಲ್ಲಿ ಅವರಿಗೆ ಸಂಬಳದ ಬಾಕಿ ಒಟ್ಟಿಗೆ ಬಂತು.

"ಮಾಮೂಲಿದು ಒಂದು ತಗೊಂಡ್ಬಿಡಾನ ಕಣೆ," ಎಂದರು. "ಮಾವನೋರು ಕೊಟ್ಟಾಗ ಇದ್ನ ಇನ್ನೊಂದು ರೂಮಿಗೆ ಹಾಕಾನ."

ನಾನು ಹಾರಿಬಿದ್ದೆ. "ಏನ್ರೀ, ನಮ್ಮಪ್ಪನ ಮುಖಕ್ಕೆ ಹೊಡ್ದಂಗಲ್ವಾ? ಕೊಡಲ್ಲ ಅಂತ ನಾವೇ ತೀರ್ಮಾನ ಮಾಡಿ ತಗೊಂಡ್ವಿ ಅಂತ ತಿಳ್ಕೊಳಲ್ವಾ? ಅವರು ಸತ್ತೇ ಹೋಗ್ತಾರೆ!"

ಮಂಚದ ದುಡ್ಡಿಗೆ ವಾಷಿಂಗ್ ಮೆಷಿನ್ ಬಂತು. ಮಳೆಗಾಲಕ್ಕೆ ಅದೂ ಬೇಕಾದದ್ದೇ, ಇಲ್ಲವೆನ್ನುವುದಿಲ್ಲ. ಪಟ್ಟಿಯ ಮೂರನೇ ಭಾಗದಲ್ಲಿದ್ದ ಸಾಮಾನು ಎರಡನೇ ಭಾಗ ದಾಟಿ ಮನೆಗೆ ಬಂತು. ಎಲ್ಲಕ್ಕೂ ಮೊದಲು ಬರಬೇಕಾದದ್ದು ಪಟ್ಟಿಯಲ್ಲೇ ಇರಲಿಲ್ಲ.

ನಾನು ತವರಿಗೆ ಹೋಗಿಬರುತ್ತಿದ್ದೆ. ಅಪ್ಪ ಎಂದಿನ ಹಾಗೇ ಇದ್ದರು, ನನಗೆ ಏಲಕ್ಕಿ ಬಾಳೆಗೊನೆ ಕಟ್ಟಿಕೊಟ್ಟು ಬಸ್ ಹತ್ತಿಸುತ್ತಿದ್ದರು. "ಮನೆಗೆ ಯಾವಾಗ ಬರ್ತೀಯಪ್ಪ?" ಎಂದರೆ, "ಮಳೆ ನಿಲ್ಲಲಿ" ಎಂದರು. ಮಳೆ ನಿಂತಿತು. "ಪಿಕ್ಕಿಂಗ್ ಮುಗೀಲಿ" ಎಂದರು. ಸೋಮವಾರದ ಸಂತೆಗೆ ನಮ್ಮೂರಿಗೆ ಬಂದವರು ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದರೆಂದು ಅಮ್ಮನ ಬಾಯಲ್ಲಿ ಬಂತು. ಒಂದು ಸಲವಲ್ಲ. ಹತ್ತು ನಿಮಿಷದ ದಾರಿ! ನನಗೆ ಸಿಟ್ಟು ಬಂತು. ಮಗಳ ಮನೆ ಬೇಡವಾಯಿತೇನೋ, ಇರಲಿ, ಎಂದು ಹದಿನೈದು ದಿನ ನಾನೂ ಫೋನು ಮಾಡಲಿಲ್ಲ. ಆ ಹದಿನೈದು ದಿನ ಯಾರು ವಾಪಸ್ ಕೊಡುತ್ತಾರೆ?

ಜನವರಿಯಲ್ಲಿ, ಕಣದಲ್ಲಿ ಕಾಫಿ ಕೆದಕುತ್ತಿದ್ದ ಅಪ್ಪ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು. ನಮ್ಮ ಮನೆಯ ಹೊಸ್ತಿಲನ್ನು ಅವರು ಒಂದು ಸಲವೂ ದಾಟಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅಮ್ಮನನ್ನು ನಮ್ಮಲ್ಲಿಗೆ ಕರೆತಂದೆವು. ಬಾಗಿಲು ತೆಗೆದಾಗ ನೆನಪಾಯಿತು, ಮಂಡಿ ಆಪರೇಶನ್ ಆದವಳನ್ನು ಮಲಗಿಸುವುದೆಲ್ಲಿ? ನೆಲದ ಮೇಲೆ ಅವಳು ಕೂರುವ ಹಾಗೇ ಇಲ್ಲ. ಇವರು ನನ್ನ ಮುಖ ನೋಡಲಿಲ್ಲ, ಗಾಡಿ ಕೀ ತೆಗೆದುಕೊಂಡು ಹೊರಟರು. ಅಂಗಡಿಯವನು ಪಿಕಪ್ಪಿನಲ್ಲಿ ಹಾಕಿ ಕಳಿಸಿದ. ಇವರೇ ಸ್ಪ್ಯಾನರ್ ಹಿಡಿದು ನಾಲ್ಕು ಬೋಲ್ಟು ಬಿಗಿದರು. ಐದಡಿ ಅಗಲದ ಸಾದಾ ಮಂಚ. ಹದಿನಾರು ಸಾವಿರ. ಹೋಗಿ, ತಂದು, ಜೋಡಿಸಿದ್ದು ಎಲ್ಲ ಸೇರಿ ಒಂದು ಗಂಟೆ.

ಅಮ್ಮ ಅದರ ಅಂಚಿನಲ್ಲಿ ಕೂತಳು. ಮಂಚವನ್ನು ಅಂಗೈಯಿಂದ ಒಂದು ಸಲ ಸವರಿದಳು. ಆಮೇಲೆ ಅಳತೊಡಗಿದಳು. ಅಪ್ಪನ ಹೆಣದ ಮುಂದೆಯೂ ಅವಳು ಹಾಗೆ ಅತ್ತಿರಲಿಲ್ಲ.

"ಏನಮ್ಮ? ಏನಾಯ್ತಮ್ಮ?"

"ನೀನು ಫೋನ್ ಇಟ್ಟ ತಕ್ಷಣ ಕೇಳೋರು ಕಣೆ. ಪ್ರತಿ ಸಲಾನೂ. ‘ಮಂಚ ತಗಂಡ್ರಂತಾ?’ ಅಂತ. ಇಲ್ಲ ಅಂದ್ರೆ ಎದ್ದು ತೋಟಕ್ಕೆ ಹೋಗೋರು."

"ತಗೊಂಡಿದ್ರೆ ಬೇಜಾರ್ ಮಾಡ್ಕೊಳ್ತಿದ್ರು ಅಂತ..."

"ಬೇಜಾರಾ!" ಅಮ್ಮ ನನ್ನನ್ನೇ ನೋಡಿದಳು. "‘ಅವರೇ ಒಂದು ತಗಂಡುಬಿಟ್ರೆ ನಾನು ಹೋಗಿ ಮನೆ ನೋಡ್ಕಂಡು ಬರ್ಬೋದಿತ್ತು ಕಣೆ. ಆ ಖಾಲಿ ರೂಮಲ್ಲಿ ಹೆಂಗೆ ಹೋಗಿ ನಿಂತ್ಕಳ್ಲಿ?’ ಅಂತಿದ್ರು."

"ನಂಗ್ಯಾಕಮ್ಮ ಹೇಳ್ಲಿಲ್ಲ ನೀನು?"

"ಹೇಳ್ಬ್ಯಾಡ ಅಂದಿದ್ರು. ‘ಮಗ ಆಸೆ ಇಟ್ಕಂಡಿದಾಳೆ, ಮುಂದಿನ್ ಬೆಳೆಗೆ ನೋಡಾನ’ ಅಂತ."

ಇವರು ಸ್ಪ್ಯಾನರ್ ಕೈಲೇ ಹಿಡಿದುಕೊಂಡು ಹೊರಗೆ ಹೋದರು. ನನಗೆ ಅಮ್ಮನ ಪಕ್ಕ ಆ ಮಂಚದ ಮೇಲೆ ಕೂರಲು ಧೈರ್ಯ ಬರಲಿಲ್ಲ. ಕೆಳಗೆ ನೆಲದ ಮೇಲೆ ಕೂತು ಅವಳ ಕಾಲು ಹಿಡಿದುಕೊಂಡೆ. ಹದಿನಾರು ಸಾವಿರ ಸೆಪ್ಟೆಂಬರಿನಲ್ಲಿ ನಮ್ಮ ಕೈಲಿತ್ತು. ಅವತ್ತು ತಂದಿದ್ದರೆ ಮುಂದಿನ ಸೋಮವಾರದ ಸಂತೆ ಮುಗಿಸಿಕೊಂಡು ಅಪ್ಪ ನಮ್ಮ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದರು.