ಆಯಮ್ಮ ಹೇಳದ ದಿಂಬು

ಆಯಮ್ಮನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿ ತಲೆ ಬೆಳ್ಳಗಾಗುವ ತನಕ ದುಡಿದವಳು, ರೋಗಿಗಳ ನಿದ್ದೆ ಕೆಡದ ಹಾಗೆ ಬೈಯುವುದನ್ನು ಅಲ್ಲೇ ಕಲಿತಳು. ಅವಳ ದನಿ ತಗ್ಗಿತೆಂದರೆ ವಾರ್ಡಿನ ಹುಡುಗಿಯರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಂತುಬಿಡುತ್ತಿದ್ದರಂತೆ.

ಕೆಲಸ ಬಿಟ್ಟ ಮೇಲೂ ಜನ ಅವಳನ್ನು ಬಿಡಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲಾಗಿಸುವುದು ಹೇಗೆ, ಎದ್ದು ಕೂರಲಾರದ ಗಂಡನ ತಲೆ ತೊಳೆಯುವುದು ಹೇಗೆ ಎಂದು ಕೇಳಿಕೊಂಡು ಬರುತ್ತಿದ್ದರು. ಹೇಳಿದ್ದನ್ನೇ ಹೇಳಿ ಅಮ್ಮನ ಗಂಟಲು ಕಟ್ಟುವುದನ್ನು ನೋಡಿದ ಮಗಳು, ಒಂದು ದಿನ ತಾನೇ ಮಂಚದ ಮೇಲೆ ರೋಗಿಯ ಹಾಗೆ ಮಲಗಿ, ಫೋನನ್ನು ಕಿಟಕಿಗೆ ಆನಿಸಿಟ್ಟು ವೀಡಿಯೊ ಮಾಡಿಸಿದಳು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅಳಿಯ ಅವಳ ಹೆಸರಲ್ಲಿ ಆನ್‌ಲೈನ್ ಚಾನೆಲ್ ಒಂದನ್ನು ತೆರೆದು ಅದನ್ನು ಹಾಕಿದ. ಹಾಗೆ ಶುರುವಾದದ್ದು ಬೆಳೆಯಿತು. ಊರು ಕೇರಿ ಗೊತ್ತಿಲ್ಲದ ಜನವೂ ಅವಳನ್ನು ಆಯಮ್ಮ ಎಂದೇ ಕರೆಯತೊಡಗಿದರು. ಪ್ರತಿ ವೀಡಿಯೊದಲ್ಲೂ ಅವಳದು ಒಂದೇ ಪಾಠ: ಮನೆಯಲ್ಲಿರುವುದರಲ್ಲೇ ಮಾಡಿ. ಹಳೆಯ ಹತ್ತಿಯ ಹೊದಿಕೆಯನ್ನು ಮಡಿಸಿ ರೋಗಿಯ ಅಡಿಗೆ ಹಾಕಿದರೆ ಇಬ್ಬರು ಹಿಡಿದು ಸರಿಸಬಹುದು, ಅದಕ್ಕೆ ಬೇರೆ ಸಾಮಾನು ಯಾಕೆ ಎನ್ನುತ್ತಿದ್ದಳು. ವೀಡಿಯೊ ಮುಗಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದಳು. ಅದರ ಕೆಳಗೆ ಏನು ಬರೆದಿದೆ ಎಂದು ಒಂದು ದಿನವೂ ಒತ್ತಿ ನೋಡಿರಲಿಲ್ಲ.

ನೋಡುವಂತೆ ಮಾಡಿದವನು ಒಬ್ಬ ಬಸ್ ಕಂಡಕ್ಟರ್. ಅವನ ತಾಯಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಬೆನ್ನ ಕೆಳಗೆ ಹುಣ್ಣಾಗಿದೆ, ನೀವು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ, ಆದರೂ ದೊಡ್ಡದಾಗುತ್ತಿದೆ, ಒಂದು ಸಲ ಬಂದು ನೋಡಿ ಎಂದು ಅವನು ಫೋನಿನಲ್ಲಿ ಅಂಗಲಾಚಿದ. ಎರಡು ಬಸ್ಸು ಬದಲಾಯಿಸಿ ಆಯಮ್ಮ ಹೋದಳು.

ಮನೆ ಚಿಕ್ಕದು, ಆದರೆ ಚೊಕ್ಕಟ. ಮಂಚದ ಪಕ್ಕದಲ್ಲಿ ನೀರಿನ ಲೋಟ, ಒಗೆದು ಮಡಿಸಿಟ್ಟ ಬಟ್ಟೆ, ಗೋಡೆಗೆ ಅಂಟಿಸಿದ ಮಾತ್ರೆಯ ಹೊತ್ತಿನ ಚೀಟಿ. ಮಗ ತಾಯಿಯನ್ನು ಅಸಡ್ಡೆ ಮಾಡಿಲ್ಲವೆಂದು ಹೊಸ್ತಿಲಲ್ಲೇ ಗೊತ್ತಾಯಿತು. ಆಯಮ್ಮ ಕೈ ತೊಳೆದುಕೊಂಡು, ಮುದುಕಿಯ ಕಿವಿಯ ಬಳಿ ಬಾಗಿ, ಸ್ವಲ್ಪ ಈ ಕಡೆ ತಿರುಗಿಸ್ತೀನಿ ತಾಯಿ ಎಂದು ಹೇಳಿ ಮಗ್ಗುಲಾಗಿಸಿದಳು. ಬಾಲದ ಮೂಳೆಯ ಮೇಲೆ ಹುಣ್ಣು ಬಾಯಿ ಬಿಟ್ಟಿತ್ತು. ಅದರ ಸುತ್ತ, ಬಳೆ ಒತ್ತಿದ ಹಾಗೆ, ಕೆಂಪಗೆ ಒಂದು ವೃತ್ತ. ಹಾಸಿಗೆಯ ಮೇಲೆ ನಡುವೆ ತೂತಿರುವ ದಪ್ಪನೆಯ ರಬ್ಬರ್ ದಿಂಬು.

ಆಯಮ್ಮನ ದನಿ ಇಳಿಯಿತು. "ಇದನ್ನ ಇಡೋಕೆ ಯಾರು ಹೇಳಿದ್ದು?"

"ನೀವೇ ಅಲ್ವಾ ಅಮ್ಮ," ಎಂದ ಕಂಡಕ್ಟರ್.

ಅವನು ತಮಾಷೆ ಮಾಡುತ್ತಿರಲಿಲ್ಲ. ಫೋನು ತೆಗೆದು, ಅವಳದೇ ವೀಡಿಯೊ ತೆರೆದು, ಅದರ ಕೆಳಗೆ ಒತ್ತಿದ. 'ಆಯಮ್ಮ ಬಳಸುವ ಸಾಮಾನುಗಳು' ಎಂಬ ಸಾಲು. ಅದರ ಕೆಳಗೆ ಬಾಲದ ಹಾಗೆ ಉದ್ದಕ್ಕೆ ನೀಲಿ ಅಕ್ಷರದ ಲಿಂಕುಗಳು. ಮೊದಲನೆಯದೇ ಆ ದಿಂಬು. ವೀಡಿಯೊದಲ್ಲಿ ಆಯಮ್ಮ ದಿಂಬಿನ ಸುದ್ದಿಯನ್ನೇ ಎತ್ತಿರಲಿಲ್ಲ. ವಾರ್ಡಿನಲ್ಲಿ ಅಂಥದ್ದು ಕಂಡರೆ ಕಿತ್ತು ಹೊರಗೆ ಹಾಕಿಸುತ್ತಿದ್ದವಳು ಅವಳು. ತೂತಿನ ಮೇಲಿರುವ ಜಾಗಕ್ಕೆ ಭಾರ ಬೀಳುವುದಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಸುತ್ತಲಿನ ಅಂಚು ಒತ್ತಿ ನಡುವಿನ ಮಾಂಸಕ್ಕೆ ರಕ್ತವೇ ಹರಿಯದಂತಾಗುತ್ತದೆ. ಹುಣ್ಣು ಒಣಗುವ ಬದಲು ಕೊಳೆಯುತ್ತದೆ.

ಆಯಮ್ಮನ ಮೈಯೆಲ್ಲ ಉರಿದುಹೋಯಿತು. ದಿಂಬನ್ನು ತೆಗೆದು ಮೂಲೆಗೆ ಒಗೆದು, ಮುದುಕಿಯನ್ನು ಅರೆಮಗ್ಗುಲಾಗಿ ಒರಗಿಸಿ, ಬೆನ್ನಿಗೂ ಮೊಣಕಾಲಿನ ನಡುವೆಯೂ ಮನೆಯ ಹತ್ತಿ ದಿಂಬುಗಳನ್ನೇ ಇಟ್ಟಳು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಹುಣ್ಣು ಮನೆಮದ್ದಿಗೆ ಬಗ್ಗುವ ಹಂತ ದಾಟಿದೆ, ಈವತ್ತೇ ಡಾಕ್ಟರಿಗೆ ತೋರಿಸಬೇಕು ಎಂದಳು. ಕಂಡಕ್ಟರ್ ತಲೆಯಾಡಿಸಿದ. ಅವಳು ಚಪ್ಪಲಿ ಮೆಟ್ಟುವಾಗ ಅವನು ಮೆಲ್ಲಗೆ ಅಂದ: "ನೀವು ಇಡ್ತೀರಿ ಅಂತ ಬರೆದಿತ್ತಲ್ಲ ಅಮ್ಮ, ಅದಕ್ಕೇ ನಾನು ಡಾಕ್ಟರನ್ನೂ ಕೇಳಲಿಲ್ಲ."

ಬಸ್ಸಿನಲ್ಲಿ ಉದ್ದಕ್ಕೂ ಆ ಮಾತು ಅವಳ ಕಿವಿಯಲ್ಲಿ ಗುಂಯ್‌ಗುಟ್ಟಿತು.

ನೇರವಾಗಿ ಅಳಿಯನ ಅಂಗಡಿಗೆ ನಡೆದಳು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಫೋನಿನ ಹೊಟ್ಟೆ ಬಗೆಯುತ್ತಿದ್ದ. ಮಗಳು ಕೌಂಟರಿನಲ್ಲಿ ಗಾಜಿನ ಕವಚ ಅಂಟಿಸುತ್ತಿದ್ದಳು. ಅಳಿಯನಿಗೆ ಆಯಮ್ಮ ಎಂದೂ ಏಕವಚನ ಆಡಿದವಳಲ್ಲ; ಆವತ್ತೂ ಆಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು.

"ಅಳಿಯಂದಿರೇ, ನಾನು ಆ ತೂತಿನ ದಿಂಬನ್ನ ಯಾವಾಗ ಬಳಸಿದ್ದೆ ಅಂತ ಸ್ವಲ್ಪ ನೆನಪು ಮಾಡಿಕೊಡ್ತೀರಾ?"

ಗಿರಾಕಿಯೊಬ್ಬ ತನ್ನ ಫೋನನ್ನು ಅಲ್ಲೇ ಬಿಟ್ಟು, ಆಮೇಲೆ ಬರುತ್ತೇನೆಂದು ಜಾರಿಕೊಂಡ. ಅಳಿಯ ಭೂತಗನ್ನಡಿ ತೆಗೆದು ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಅತ್ತೆಯ ಔಷಧಿ ತೀರುವ ಮೊದಲೇ ತಂದಿಡುವವನು. ತನಗೆ ಗೊತ್ತಿದ್ದ ಹಾಗೆ ಬಿಡಿಸಿ ಹೇಳಿದ. ಆನ್‌ಲೈನ್ ಅಂಗಡಿಯವರು ನಮ್ಮ ಗುರುತು ಸೇರಿಸಿದ ಲಿಂಕು ಕೊಡುತ್ತಾರೆ. ನೋಡುವವರು ಅದನ್ನು ಒತ್ತಿದರೆ, ಇವರು ನಮ್ಮ ಕಡೆಯಿಂದ ಬಂದವರು ಎಂದು ಅಂಗಡಿಗೆ ತಿಳಿಯುತ್ತದೆ. ಅವರು ಕೊಂಡರೆ ಒಂದು ಪಾಲು ನಮಗೆ. ಆ ಗುರುತು ಸ್ವಲ್ಪ ಕಾಲ ಉಳಿಯುತ್ತದೆ. ಕೆಲವು ಅಂಗಡಿಯಲ್ಲಿ ಒಂದು ದಿನ, ಕೆಲವು ಕಡೆ ಇನ್ನೂ ಹೆಚ್ಚು. ಅಷ್ಟರೊಳಗೆ ಬೇರೆ ಏನು ಕೊಂಡರೂ ಸಾಮಾನ್ಯವಾಗಿ ನಮ್ಮ ಲೆಕ್ಕಕ್ಕೇ ಬರುತ್ತದೆ. ಯಾರೋ ಪುಣ್ಯಾತ್ಮ ರಬ್ಬರ್ ಶೀಟಿನ ಲಿಂಕು ಒತ್ತಿ ಟೀವಿ ಕೊಂಡಿದ್ದ ಎಂದು ಹೇಳಿ ಅವನು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಕೊಂಡವರು ಸಾಮಾನು ವಾಪಸ್ ಮಾಡಿದರೆ ಆ ಪಾಲು ಬರುವುದಿಲ್ಲ ಎಂದೂ ಹೇಳಿದ.

"ಕೊಳ್ಳೋರಿಗೆ ಒಂದು ಪೈಸೆನೂ ಹೆಚ್ಚಾಗಲ್ಲ ಅತ್ತೆ. ಪಾಲು ಕೊಡೋದು ಅಂಗಡಿಯವರು. ಯಾರಿಗೂ ನಷ್ಟ ಇಲ್ಲ."

"ಆ ಮುದುಕಿಗೆ?" ಎಂದಳು ಆಯಮ್ಮ. "ಬೆಲೆ ಹೆಚ್ಚಾಗಲಿಲ್ಲ, ಸರಿ. ಅವರು ಕೊಳ್ಳಲೇಬಾರದಿದ್ದದ್ದನ್ನ ನನ್ನ ಹೆಸರು ನೋಡಿ ಕೊಂಡರಲ್ಲ, ಅದಕ್ಕೆ ಯಾರು ಹೊಣೆ?"

ಅದನ್ನೇ ಯಾಕೆ ಮೊದಲು ಹಾಕಿದಿರಿ ಎಂದು ಕೇಳಿದಳು. ಅಳಿಯ ಅದನ್ನೂ ಹೇಳಿದ. ಒಂದೊಂದು ಬಗೆಯ ಸಾಮಾನಿಗೆ ಒಂದೊಂದು ಪಾಲು. ಆ ದಿಂಬಿಗೆ ಎಲ್ಲಕ್ಕಿಂತ ಹೆಚ್ಚಿತ್ತು. ಕೊಂಡವರು ಚೆನ್ನಾಗಿದೆ ಎಂದು ಬರೆದದ್ದನ್ನೂ ಓದಿದ್ದೆ ಎಂದ. ಬರೆದವರಲ್ಲಿ ಎಷ್ಟು ಮಂದಿ ಹಾಸಿಗೆ ಹಿಡಿದಿದ್ದರು ಎಂದು ಅವಳು ಕೇಳಿದಳು. ನಮಗೆ ಪಾಲು ಬರುತ್ತದೆಂದು ಜನಕ್ಕೆ ಹೇಳಿದ್ದೀರಾ ಎಂದರೆ, ಹೇಳಿದ್ದೇನೆ ಎಂದು ಬೆರಳಿನಿಂದ ಜಾರಿಸುತ್ತ, ಜಾರಿಸುತ್ತ, ಎಲ್ಲ ಲಿಂಕುಗಳ ತಳಕ್ಕೆ ಹೋಗಿ ಇಂಗ್ಲಿಷಿನ ಒಂದು ಪುಟ್ಟ ಸಾಲನ್ನು ತೋರಿಸಿದ. ಕೌಂಟರಿನಲ್ಲಿದ್ದ ಮಗಳು ಆಗ ತಿರುಗಿಬಿದ್ದಳು.

"ಅಮ್ಮನ ವೀಡಿಯೊ ನೋಡೋರಲ್ಲಿ ಇದನ್ನ ಓದೋರು ಯಾರು ರೀ? ಹೇಳಿದ ಶಾಸ್ತ್ರ ಆಗಬೇಕು, ಯಾರಿಗೂ ಕೇಳಿಸಬಾರದು. ಅಷ್ಟೇ ತಾನೆ ನಿಮಗೆ ಬೇಕಾಗಿದ್ದು?"

ಅವನು ಮುಖ ತಗ್ಗಿಸಿದ. ಕಮಿಷನ್ ಎಂಬ ಮಾತು ಮೊದಲೇ ಕಂಡರೆ ಯಾರೂ ಒತ್ತುವುದಿಲ್ಲ ಎಂದು ಗೊಣಗಿದ. ಒತ್ತದಿದ್ದರೆ ಬೇಡ ಎಂದಳು ಆಯಮ್ಮ. ಪಾಲು ತೆಗೆದುಕೊಳ್ಳುವುದು ತಪ್ಪೆಂದು ತಾನು ಹೇಳುತ್ತಿಲ್ಲ. ಆದರೆ ಕೇಳುವವನಿಗೆ ಅದು ಮೊದಲೇ ಗೊತ್ತಿರಬೇಕು. ಗೊತ್ತಿದ್ದರೆ ಅವನು ಇನ್ನೊಬ್ಬರನ್ನು ಕೇಳುತ್ತಾನೆ, ಡಾಕ್ಟರನ್ನು ಕೇಳುತ್ತಾನೆ. ಗೊತ್ತಿಲ್ಲದವನು ಕಣ್ಣು ಮುಚ್ಚಿ ನಂಬುತ್ತಾನೆ. ಆ ಕಂಡಕ್ಟರ್ ನಂಬಿದ ಹಾಗೆ.

ಆಮೇಲೆ ಸ್ಟೂಲು ಎಳೆದುಕೊಂಡು ಅಲ್ಲೇ ಕೂತಳು. ಒಂದೊಂದೇ ಸಾಮಾನು ಓದಿ ಎಂದಳು. ಅವನು ಓದಿದ, ಅವಳು ಪ್ರತಿಯೊಂದಕ್ಕೂ ಮೂರು ಮಾತು ಕೇಳಿದಳು. ಇದು ಎಂಥ ರೋಗಿಗೆ? ಮನೆಯಲ್ಲಿರುವುದರಿಂದ ಆಗುವುದಿಲ್ಲವೆ? ನಾನು ನೋಡಿಕೊಳ್ಳುವ ರೋಗಿಯ ಅಡಿಗೆ ಇದನ್ನು ಹಾಕುತ್ತೇನೆಯೆ? ಪರಿಮಳದ ಸ್ಪ್ರೇ ಹೋಯಿತು. ಬೆನ್ನುಜ್ಜುವ ಯಂತ್ರ ಹೋಯಿತು. ನೋವು ಎಳೆಯುತ್ತದೆಂದು ಮಾರುವ ಮ್ಯಾಗ್ನೆಟ್ ಪಟ್ಟಿಯ ಹೆಸರು ಕೇಳಿ ಅವಳು ಅಳಿಯನ ಮುಖವನ್ನು ಸುಮ್ಮನೆ ನೋಡಿದಳು, ಅವನೇ ಅಳಿಸಿದ. ನೀರು ಇಳಿಯದ ಶೀಟು ಉಳಿಯಿತು. ಕೈಹಿಡಿಯಿರುವ ಕಮೋಡ್ ಕುರ್ಚಿ ಉಳಿಯಿತು. ಗಾಳಿ ತುಂಬುವ ಹಾಸಿಗೆ, ಮಗ್ಗುಲಾಗಲಾರದವರಿಗೆ ಮಾತ್ರ ಎಂಬ ಮಾತಿನೊಂದಿಗೆ, ಬಾಡಿಗೆಗೆ ಸಿಕ್ಕರೆ ಕೊಳ್ಳಬೇಡಿ ಎಂಬ ಮಾತನ್ನೂ ಸೇರಿಸಿಕೊಂಡು ಉಳಿಯಿತು. ಹಾಗೆ ಬರೆದರೆ ನಮಗೇನು ಸಿಗುತ್ತದೆ ಎಂದು ಅಳಿಯ ಕೇಳಹೊರಟವನು, ಹೆಂಡತಿಯ ಕಣ್ಣು ನೋಡಿ ಹಾಗೆಯೇ ಬರೆದ.

ಅಳಿಸಿದರೆ ಸಾಲದು, ಈಗಾಗಲೇ ಕೊಂಡವರ ಮನೆಯ ಹಾಸಿಗೆಯಲ್ಲಿ ಆ ದಿಂಬು ಇದೆಯಲ್ಲ ಎಂದಳು ಮಗಳು. ಆಗ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ರಿಪೇರಿ ಮೇಜಿನ ದೀಪವನ್ನೇ ಅಮ್ಮನ ಮುಖಕ್ಕೆ ತಿರುಗಿಸಿ ವೀಡಿಯೊ ಮಾಡಿದರು. ಆಯಮ್ಮ ನಗಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ.

"ನನ್ನ ವೀಡಿಯೊ ಕೆಳಗೆ ತೂತಿನ ದಿಂಬು ನೋಡಿ ಕೊಂಡಿದ್ರೆ, ಈಗಲೇ ರೋಗಿಯ ಅಡಿಯಿಂದ ತೆಗೀರಿ. ಅದನ್ನ ನಾನು ಹೇಳಿರಲಿಲ್ಲ. ಆದರೆ ನನ್ನ ಹೆಸರಲ್ಲಿ ಬರೆದಿತ್ತು, ಅದನ್ನ ಕೊಂಡರೆ ನಮಗೆ ದುಡ್ಡು ಬರ್ತಿತ್ತು, ನಿಮಗೆ ತಿಳಿಯೋ ಹಾಗೆ ನಾವು ಹೇಳಲಿಲ್ಲ. ಹುಣ್ಣು ಇದ್ರೆ ಡಾಕ್ಟರಿಗೆ ತೋರಿಸಿ. ಇನ್ನು ಮೇಲೆ ಲಿಂಕು ಇರೋ ಕಡೆ, ಲಿಂಕಿಗಿಂತ ಮೊದಲು, ಕೊಂಡರೆ ನಮಗೆ ದುಡ್ಡು ಬರುತ್ತೆ ಅಂತ ಕನ್ನಡದಲ್ಲೇ ಬರೆದಿರುತ್ತೆ; ನಾನೂ ಬಾಯಲ್ಲಿ ಹೇಳ್ತೀನಿ. ನಂಬೋದು ಬಿಡೋದು ನಿಮಗೆ ಸೇರಿದ್ದು."

ಅಳಿಯ ಅದನ್ನು ಹಾಕಿದ. ಲಿಂಕಿದ್ದ ಹಳೆಯ ವೀಡಿಯೊಗಳ ಕೆಳಗೆಲ್ಲ ಅದೇ ಎಚ್ಚರಿಕೆಯನ್ನು ಮೊದಲ ಸಾಲಿನಲ್ಲಿ ಬರೆದ. ಜನ ಉಗಿದರು. ಮುದುಕಿಯೂ ವ್ಯಾಪಾರಕ್ಕಿಳಿದಳು ಎಂದರು. ಸಿಕ್ಕಿಬಿದ್ದ ಮೇಲೆ ಸತ್ಯವಂತೆ ಎಂದರು. ಕೆಲವರು ಮಾತ್ರ ದಿಂಬು ತೆಗೆದೆವು ಎಂದು ಬರೆದರು. ಜನ ಉಗಿದದ್ದನ್ನೂ ಆಯಮ್ಮ ಪೂರ್ತಿ ಓದಿಸಿಕೊಂಡಳು. ಅಳಿಸಲು ಅಳಿಯ ಕೈ ಹಾಕಿದಾಗ ಅವನ ಮಣಿಕಟ್ಟು ಹಿಡಿದಳು.

ಕೆಲವು ದಿನ ಕಳೆದು ಕಂಡಕ್ಟರ್ ಫೋನು ಮಾಡಿದ. ಹುಣ್ಣಿನ ಅಂಚು ಕೂಡಿಕೊಳ್ಳುತ್ತಿದೆಯಂತೆ, ಗಾಳಿ ಹಾಸಿಗೆ ಹಾಕಿಸಿ ಎಂದು ಡಾಕ್ಟರು ಹೇಳಿದ್ದಾರಂತೆ. ಯಾವುದು ತರಲಿ ಎಂದು ಕೇಳಿದ. ಆಯಮ್ಮ ಉಸಿರು ಬಿಟ್ಟು ಹೇಳತೊಡಗಿದಳು. ಅವನು ನಡುವೆಯೇ ತಡೆದ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ನೀವು ಹೇಳೋದರಿಂದ ನಿಮಗೆ ಏನಾದ್ರೂ ಬರುತ್ತಾ?"

ಆಯಮ್ಮನ ಕಿವಿ ಬಿಸಿಯಾಯಿತು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ದುಡಿದರೂ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಸಿಟ್ಟು ಅವನ ಮೇಲಲ್ಲ. ಕೇಳುವ ಹಕ್ಕು ಅವನಿಗಿತ್ತು, ಅವನು ಕೇಳದೆ ಹೋದದ್ದಕ್ಕೆ ನರಳಿದ್ದೂ ಅವನ ತಾಯಿಯೇ.

"ನಮ್ಮ ಲಿಂಕಿನಿಂದ ತಗೊಂಡ್ರೆ ಬರುತ್ತೆ," ಎಂದಳು. "ಬಾಡಿಗೆಗೆ ಸಿಕ್ಕರೆ ಬರಲ್ಲ. ಮೊದಲು ಬಾಡಿಗೆಗೆ ವಿಚಾರಿಸು ಮಗ. ಪಂಪು ಕೆಲಸ ಮಾಡುತ್ತಾ ಅಂತ ಅಲ್ಲೇ ಹಾಕಿ ನೋಡಿ ತಗೋ."

ಅವನು ಆಗಲಿ ಎಂದ. ಬೇರೆ ಕಡೆಯೂ ಒಂದು ಮಾತು ಕೇಳಿಕೊಳ್ಳುತ್ತೇನೆ ಎಂದೂ ಸೇರಿಸಿದ. ಕೇಳು ಎಂದಳು ಆಯಮ್ಮ.