ದೊಡ್ಡ ಪುಲ್ಲಿ ಎಷ್ಟು ಇಂಚು

ಸವಳಂಗ ರಸ್ತೆಯ ಆಫೀಸಿನಲ್ಲಿ ನಾನು ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕೆಲಸ ನೋಡಿಕೊಳ್ಳುತ್ತಿದ್ದೆ. ನಮ್ಮದು ಯಂತ್ರಗಳಿಗೆ ಬೇಕಾದ ಎರಕದ ಸಾಮಾನು, ಹೆಚ್ಚಾಗಿ ಬೆಲ್ಟ್ ಓಡುವ ಪುಲ್ಲಿ ಚಕ್ರಗಳು, ಮಾಡಿ ಮಾರುವ ವ್ಯಾಪಾರ. ಎರಕ ಹೊಯ್ಯುವುದು ಭದ್ರಾವತಿಯ ಫೌಂಡ್ರಿಯಲ್ಲಿ, ಆರ್ಡರ್ ಹಿಡಿಯುವುದು ಶಿವಮೊಗ್ಗದಲ್ಲಿ. ಇವೆರಡರ ನಡುವೆ ಒಂದು ಫೋನ್ ಇತ್ತು. ಅದರಲ್ಲಿ ಜಗಳ ನಡೆಯುತ್ತಿತ್ತು.

ಈ ಕಡೆಯಿಂದ ಜಗಳವಾಡುತ್ತಿದ್ದವರು ಆರ್ಡರ್ ರಿಜಿಸ್ಟರ್ ಬರೆಯುವ ಅಕ್ಕ. ನಾನು ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲಿಂದ ಅವರು ಅದೇ ಕುರ್ಚಿಯಲ್ಲಿದ್ದರು. ಆ ಕಡೆಯವರು ಫೌಂಡ್ರಿಯ ಮೇಸ್ತ್ರಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ನೋಡಬೇಕೆಂಬ ಆಸೆಯೂ ಇದ್ದಂತೆ ಕಾಣಲಿಲ್ಲ.

“ದೊಡ್ಡ ಪುಲ್ಲಿ ಅಂತ ಬಾಯಿ ಬಿಟ್ಟು ಹೇಳಿದೀನಿ ಮೇಸ್ತ್ರಿಗಳೇ. ಕಿವಿ ಎಲ್ಲಿಟ್ಟಿದ್ರಿ?”

ಅಲ್ಲಿಂದ ಏನು ಉತ್ತರ ಬರುತ್ತಿತ್ತೋ ನಮಗೆ ಕೇಳಿಸುತ್ತಿರಲಿಲ್ಲ. ಅಕ್ಕ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಮುಗಿದ ಮೇಲೆ ಇಟ್ಟು, “ಆ ಮನುಷ್ಯನ ಮುಖ ನೋಡಲ್ಲ ನಾನು” ಅನ್ನುತ್ತಿದ್ದರು.

ಯಜಮಾನರು ಹುಬ್ಬಳ್ಳಿಯ ಒಂದು ಕಂಪನಿಯಿಂದ ಆರ್ಡರ್ ನಿರ್ವಹಿಸುವ ಹೊಸ ಸಾಫ್ಟ್‌ವೇರ್ ತೆಗೆದುಕೊಂಡರು. ಇನ್ನು ಮುಂದೆ ಇಲ್ಲಿ ಬರೆದ ಆರ್ಡರ್ ಅದೇ ಕ್ಷಣ ಭದ್ರಾವತಿಯ ಪರದೆಯ ಮೇಲೆ ಕಾಣುತ್ತದೆ ಎಂದು ನಮ್ಮೆಲ್ಲರನ್ನೂ ಕರೆದು ಹೇಳಿದರು. ಹಳೆಯ ರಿಜಿಸ್ಟರುಗಳನ್ನೂ ಟ್ಯಾಲಿಯಲ್ಲಿರುವುದನ್ನೂ ಅದಕ್ಕೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರ್ ಗೊತ್ತಿರುವವಳು ನಾನೊಬ್ಬಳೇ ಎಂಬುದು ಕಾರಣ. ಗೊತ್ತಿದ್ದದ್ದು ಟ್ಯಾಲಿ ಮಾತ್ರ; ಅದನ್ನು ಯಾರೂ ಕೇಳಲಿಲ್ಲ.

ಟ್ಯಾಲಿಯ ಭಾಗ ಸುಲಭವಾಗಿತ್ತು. ಗಿರಾಕಿಗಳ ಪಟ್ಟಿ, ಸಾಮಾನಿನ ಪಟ್ಟಿ, ಬಿಲ್ಲುಗಳು, ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಂಡೆ. ಆದರೆ ಟ್ಯಾಲಿಯಲ್ಲಿ ನಾವು ಆರ್ಡರ್ ಹಾಕುತ್ತಲೇ ಇರಲಿಲ್ಲ, ಬಿಲ್ ಮಾತ್ರ. ಆರ್ಡರ್ ಇದ್ದದ್ದು ಅಕ್ಕನ ರಿಜಿಸ್ಟರಿನಲ್ಲಿ. ಅಕ್ಕ ಬರೆದುಕೊಂಡು ಫೋನಿನಲ್ಲಿ ಹೇಳುತ್ತಿದ್ದರು, ಮೇಸ್ತ್ರಿ ಸಾಮಾನನ್ನು ಅಲ್ಲಿಂದಲೇ ಗಿರಾಕಿಗೆ ಕಳಿಸಿ ನಮಗೊಂದು ಚೀಟಿ ಕಳಿಸುತ್ತಿದ್ದರು, ನಾನು ಚೀಟಿ ನೋಡಿ ಬಿಲ್ ಮಾಡುತ್ತಿದ್ದೆ, ಅಕ್ಕ ಆ ಬಿಲ್ ನಂಬರನ್ನು ಆರ್ಡರಿನ ಪಕ್ಕ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದರು. ಸಾಫ್ಟ್‌ವೇರ್ ಕಂಪನಿಯಿಂದ ನಮಗೆ ಹೇಳಿಕೊಡುತ್ತಿದ್ದ ಹುಬ್ಬಳ್ಳಿಯ ಹುಡುಗಿ ಫೋನಿನಲ್ಲಿ, “ಆ ಕೆಂಪು ನಂಬರ್ ಐತಲ್ರೀ, ಅದನ್ನ ಹಿಡಕೊಂಡು ಎರಡೂ ಜೋಡಿಸಬಹುದು” ಎಂದಳು. ತೀರಾ ಹಳೆಯವನ್ನು ಕಪಾಟಿನಲ್ಲೇ ಬಿಟ್ಟು, ಈಚಿನ ವರ್ಷಗಳ ರಿಜಿಸ್ಟರನ್ನು ಅಕ್ಕ ಓದಿದರು, ನಾನು ಟೈಪ್ ಮಾಡಿದೆ. ಬಾಕಿ ಇರುವ ಆರ್ಡರುಗಳನ್ನು ಬೇರೆ ಹಾಳೆಯಲ್ಲಿ ಇಟ್ಟೆವು.

ಅಕ್ಕನ ರಿಜಿಸ್ಟರಿನಲ್ಲಿ ಗಿರಾಕಿಗಳಿಗೆ ಹೆಸರು ಕಡಿಮೆ. “ಸೇತುವೆ ಪಕ್ಕದವರು”, “ಎರಡನೇ ಸಲ ಬಂದವರು”, “ಕೆಮ್ಮುವವರು” ಎಂದಿತ್ತು. ಅಂಥವರನ್ನೆಲ್ಲ ಟ್ಯಾಲಿಯ ಹೆಸರುಗಳಿಗೆ ಹೊಂದಿಸಿದೆವು. ಕೆಮ್ಮುವವರು ಇಬ್ಬರಿದ್ದರು.

ನಿಜವಾದ ಡೇಟಾಬೇಸಿಗೆ ಹಾಕುವ ಮೊದಲು ಅದರ ಒಂದು ನಕಲಿಗೆ ಹಾಕಿ ನೋಡುವ ಪದ್ಧತಿ. ಹಾಕಿದೆವು. ದೋಷಗಳ ಪಟ್ಟಿ ಬಂತು. ಮೊಬೈಲ್ ನಂಬರ್ ಇಲ್ಲ, ಪಿನ್‌ಕೋಡ್ ಇಲ್ಲ ಎಂಬಂಥವನ್ನು ಸರಿ ಮಾಡಿದ ಮೇಲೂ ಒಂದು ತಕರಾರು ಪುಟಗಟ್ಟಲೆ ಉಳಿಯಿತು: ಆರ್ಡರಿನಲ್ಲಿರುವ ಸಾಮಾನು ಬಿಲ್ಲಿನಲ್ಲಿಲ್ಲ. ಹೆಚ್ಚಿನವು ಒಂದೇ ಥರದವು. ಅಕ್ಕನ ಆರ್ಡರಿನಲ್ಲಿ “ದೊಡ್ಡ ಪುಲ್ಲಿ”. ಮೇಸ್ತ್ರಿಯ ಚೀಟಿ ನೋಡಿ ನಾನು ಮಾಡಿದ ಬಿಲ್ಲಿನಲ್ಲಿ “ನಡು ಪುಲ್ಲಿ”.

“ನೋಡ್ದ್ಯಾ?” ಎಂದರು ಅಕ್ಕ. “ಹೇಳಿದ್ದು ಒಂದು, ಕಳಿಸಿದ್ದು ಒಂದು. ಎಷ್ಟು ವರ್ಷದಿಂದ ಬಡ್ಕೊಳ್ತಿದೀನಿ.”

ಆದರೆ ನನಗೊಂದು ಅನುಮಾನ ಬಂತು. ಫೌಂಡ್ರಿಗೆ ವಾಪಸ್ ಬಂದ ಸಾಮಾನಿನ ನಮೂದುಗಳೂ ಟ್ಯಾಲಿಯಲ್ಲಿದ್ದವು. ಅವನ್ನೂ ಪಕ್ಕದಲ್ಲಿಟ್ಟು ನೋಡಿದೆ. ದೊಡ್ಡದು ಕೇಳಿ ನಡುವಿನದು ಪಡೆದವರೆಲ್ಲ ಖಾಯಂ ಗಿರಾಕಿಗಳು, ಒಬ್ಬರೂ ವಾಪಸ್ ತಂದಿರಲಿಲ್ಲ. ಹೊಸ ಗಿರಾಕಿಗಳು ದೊಡ್ಡದು ಕೇಳಿ, ದೊಡ್ಡದನ್ನೇ ಪಡೆದು, ಬೈದು ವಾಪಸ್ ಕೊಟ್ಟಿದ್ದರು. ತಪ್ಪಾಗಿ ಹೋದದ್ದೆಲ್ಲ ಸರಿಯಾಗಿತ್ತು. ಸರಿಯಾಗಿ ಹೋದದ್ದೆಲ್ಲ ವಾಪಸ್ ಬಂದಿತ್ತು.

ಇದನ್ನು ಹುಬ್ಬಳ್ಳಿಯ ಹುಡುಗಿಗೆ ಹೇಳಿದೆ. ಅವಳು, “ಐಟಂ ಮಾಸ್ಟರ್ ನೀವೇ ಪಕ್ಕಾ ಮಾಡಿ ಕಳಿಸ್ರಿ” ಎಂದಳು. ಸಾಮಾನಿನ ಪಟ್ಟಿಯನ್ನು ಅವರು ಹಾಗೆ ಕರೆಯುತ್ತಿದ್ದರು. ಮೇಸ್ತ್ರಿಯನ್ನು ಶಿವಮೊಗ್ಗಕ್ಕೆ ಕರೆದೆವು. ಕುಲುಮೆ ಬಿಟ್ಟು ಬರಲಾಗುವುದಿಲ್ಲ ಎಂದರು. ಯಜಮಾನರು ನಮ್ಮಿಬ್ಬರನ್ನು ಭದ್ರಾವತಿಗೆ ಹೋಗಿ ಎಂದರು.

ಅಕ್ಕ ರೇಷ್ಮೆಯಂತೆ ಕಾಣುವ ಒಂದು ಸೀರೆ ಉಟ್ಟು ಬಂದರು. ಬಸ್ಸಿನಲ್ಲಿ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತರು.

ಮೇಸ್ತ್ರಿ ಗೇಟಿನಲ್ಲೇ ನಿಂತಿದ್ದರು. ಫೋನಿನಲ್ಲಿ ಅಷ್ಟು ಗದ್ದಲ ಮಾಡುವ ಮನುಷ್ಯ ಅಕ್ಕನ ಭುಜದಷ್ಟೇ ಎತ್ತರವಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

“ಬನ್ನಿ ಮೇಡಂ, ಊಟ ಆಯ್ತಾ?” ಎಂದರು.

“ದೊಡ್ಡ ಪುಲ್ಲಿ ತೋರ್ಸಿ” ಎಂದರು ಅಕ್ಕ.

ಅಂಗಳದಲ್ಲಿ ಪುಲ್ಲಿಗಳ ರಾಶಿಯೇ ಇತ್ತು. ಮೇಸ್ತ್ರಿ ಒಂದನ್ನು ಕಾಲಿನಿಂದ ತಟ್ಟಿ ತೋರಿಸಿದರು. ನಾನು ಟೇಪ್ ಹಿಡಿದೆ. ಹದಿನಾಲ್ಕು ಇಂಚು.

“ಹದಿನಾಲ್ಕು ಅಂದ್ರೆ ಕಬ್ಬಿನ ಗಾಣದ ಪುಲ್ಲಿ” ಎಂದರು ಅಕ್ಕ. “ದೊಡ್ಡದು ಹನ್ನೆರಡಲ್ವಾ?”

“ಹನ್ನೆರಡು ನಡುವಿಂದು ಮೇಡಂ. ಆಲೆಮನೆಯವ್ರಿಗೆ ಹದಿನಾಲ್ಕು ಮಾಡೋಕೆ ಶುರು ಮಾಡಿದ್ವಲ್ಲ, ಆವಾಗಿಂದ ಇದೇ ದೊಡ್ಡದು. ಪಕ್ಕದಲ್ಲಿ ಇಷ್ಟ್ ದೊಡ್ಡದು ಬಿದ್ದಿರುವಾಗ ಹನ್ನೆರಡನ್ನ ಹೆಂಗೆ ದೊಡ್ಡದು ಅಂತೀರಿ?”

“ಮತ್ತೆ ಖಾಯಂ ಗಿರಾಕಿಗಳಿಗೆ ಸರಿಯಾಗಿ ಕಳಿಸ್ತಿದ್ರಲ್ಲ?” ಎಂದು ಅಕ್ಕ ಕೇಳಿದರು.

“ಅವ್ರಿಗೆ ಏನ್ ಬೇಕು ಅಂತ ನಂಗೊತ್ತಲ್ಲ. ನೀವು ತಪ್ಪಾಗಿ ಹೇಳಿದ್ರೂ ನಾನೇ ಸರಿ ಮಾಡಿ ಕಳಿಸ್ತಿದ್ದೆ. ಹೊಸಬ್ರಿಗೆ ಮಾತ್ರ ನೀವ್ ಹೇಳ್ದಂಗೆ.”

ಮೇಸ್ತ್ರಿ ಹನ್ನೆರಡು ಇಂಚಿನ ಒಂದನ್ನು ಉರುಳಿಸಿ ಪಕ್ಕಕ್ಕೆ ತಂದರು. ಅಕ್ಕ ಎರಡೂ ಪುಲ್ಲಿಗಳನ್ನು ನೋಡಿದರು. ಅಷ್ಟು ವರ್ಷ ಆ ಮಾತನ್ನು ದಿನವೂ ಬರೆದಿದ್ದರೂ ಪುಲ್ಲಿಯನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

“ಹೊಸದಕ್ಕೆ ದೊಡ್ಡದು ಅಂತ ಹೆಸರು ಹಾಕ್ದಾಗ ಒಂದು ಮಾತು ಹೇಳ್ಬೇಕಿತ್ತು ಮಾರಾಯ್ರೆ” ಎಂದರು. ದನಿ ತಗ್ಗಿತ್ತು.

“ಹೇಳೋಷ್ಟರಲ್ಲಿ ನೀವು ಫೋನ್ ಇಟ್ಬಿಡ್ತಿದ್ರಿ ಮೇಡಂ.”

ಮೇಸ್ತ್ರಿ ಟೀ ತರಿಸಿದರು. ಅದನ್ನು ಕುಡಿದು, ಹೆಸರಿನ ವಿಚಾರಕ್ಕೆ ಕೂತೆವು. ಸಾಫ್ಟ್‌ವೇರಿಗೆ ಪ್ರತಿ ಸಾಮಾನಿಗೂ ಒಂದೇ ಕೋಡ್ ಬೇಕಿತ್ತು. ಅಳತೆಯನ್ನೇ ಕೋಡಿನಲ್ಲಿ ಸೇರಿಸಿ ಬರೆದುಕೊಂಡೆ. ಅದಕ್ಕೆ ಇಬ್ಬರೂ ತಲೆಯಾಡಿಸಿದರು. “ದೊಡ್ಡ” ಎಂಬ ಹೆಸರನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ಬೇರೆ ಹೆಸರು ಬರೆಯಲು ಇರುವ ಜಾಗದಲ್ಲಿ ಎರಡಕ್ಕೂ ಅದನ್ನೇ ಹಾಕಿದೆ. ಇದರಿಂದ ಯಾರಾದರೂ “ದೊಡ್ಡ” ಎಂದು ಹುಡುಕಿದರೆ ಎರಡೂ ಬಂದು ನಿಲ್ಲುತ್ತವೆ, ಅಳತೆ ನೋಡಿ ಆರಿಸಿಕೊಳ್ಳಲೇಬೇಕು. ಹುಬ್ಬಳ್ಳಿಯ ಹುಡುಗಿ ಇದು ಒಳ್ಳೆಯ ಯೋಚನೆ ಎಂದಳು. ನಿಜವಾಗಿ ಅದು ಯೋಚನೆ ಅಲ್ಲ, ರಾಜಿ.

ಹಳೆಯ ಆರ್ಡರುಗಳನ್ನು ಅಳತೆಯ ಪ್ರಕಾರ ತಿದ್ದಿ ಮತ್ತೆ ನಕಲಿಗೆ ಹಾಕಿದೆವು. ಆರ್ಡರುಗಳ ಲೆಕ್ಕ ರಿಜಿಸ್ಟರಿಗೂ, ಬಿಲ್ಲುಗಳ ಮೊತ್ತ ಟ್ಯಾಲಿಗೂ ಸರಿಹೋಯಿತು. ಒಂದು ಸೋಮವಾರದಿಂದ ಹೊಸದೇ ಚಾಲ್ತಿಗೆ ಬಂತು. ಅಂದಿನಿಂದ ಭದ್ರಾವತಿಗೆ ಫೋನ್ ಮಾಡುವ ಅಗತ್ಯ ಬೀಳಲಿಲ್ಲ. ಆಫೀಸಿನಲ್ಲಿ ಫ್ಯಾನಿನ ಸದ್ದು ಕೇಳಿಸತೊಡಗಿತು. ಅಕ್ಕ ಸ್ವಲ್ಪ ಮಂಕಾದರು. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚುತ್ತಿದ್ದರು.

ಕೆಲವು ವಾರಗಳ ನಂತರ ವಿನೋಬನಗರದಿಂದ ಒಬ್ಬರು ಫೋನ್ ಮಾಡಿ ದೊಡ್ಡ ಪುಲ್ಲಿ ಬೇಕೆಂದರು. ಅಕ್ಕ ಎಷ್ಟು ಇಂಚು ಎಂದರು. ದೊಡ್ಡದು ಅಂದರೆ ದೊಡ್ಡದು ಎಂದರು ಅವರು. ಅಳೆದು ಹೇಳಿ ಎಂದು ಅಕ್ಕ ಫೋನ್ ಇಟ್ಟರು. ಅವರು ಅಳೆದು ಮತ್ತೆ ಫೋನ್ ಮಾಡಿ ಹದಿಮೂರು ಎಂದರು.

ಹದಿಮೂರು ನಮ್ಮ ಡೇಟಾಬೇಸಿನಲ್ಲಿ ಇರಲಿಲ್ಲ. ಅಕ್ಕ ಪರದೆಯನ್ನೊಮ್ಮೆ ನೋಡಿದರು. ಕುರ್ಚಿಯಲ್ಲಿ ನೆಟ್ಟಗೆ ಕೂತು ಭದ್ರಾವತಿಗೆ ಫೋನ್ ಹಚ್ಚಿದರು.

“ಮೇಸ್ತ್ರಿಗಳೇ, ಇಲ್ಲೊಬ್ರು ಹದಿಮೂರು ಅಂತಿದಾರೆ... ಅಲ್ಲಾರೀ, ನಾನು ಅಳೆದಿದ್ದಲ್ಲ, ಅವ್ರು ಅಳೆದಿದ್ದು... ನನ್ನ ಮೇಲೆ ಯಾಕೆ ಕೂಗಾಡ್ತೀರಿ?”

ಫೋನನ್ನು ಕಿವಿಯಿಂದ ಸ್ವಲ್ಪವೂ ದೂರ ಹಿಡಿಯಲಿಲ್ಲ. ಆವತ್ತು ತುಂಬಾ ಹೊತ್ತು ಮಾತಾಡಿದರು.