ದೊಡ್ಡಕ್ಕನ ಹೆಬ್ಬೆರಳಿನ ಉಗುರು

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಬಿಟ್ಟು ಉಳಿದ ಒಂಬತ್ತನ್ನೂ ದೊಡ್ಡಕ್ಕ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಉಗುರು ಮಾತ್ರ ದಪ್ಪಗೆ, ಅರಿಶಿನ ಮೆತ್ತಿದ ಬಣ್ಣದಲ್ಲಿ, ತುದಿಯಲ್ಲಿ ಕೊಂಚ ಸೀಳಿಕೊಂಡು ಬೆಳೆದಿರುತ್ತಿತ್ತು. ಮಂಡ್ಯದ ನಮ್ಮ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಸಾಹೇಬರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವರು ದೊಡ್ಡಕ್ಕನೇ. ಕೆರಗೋಡಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಂದವರೇ ಚಪ್ಪಲಿ ಬಿಟ್ಟು, ಬೀಜ ಸುತ್ತಿಟ್ಟ ನಿನ್ನೆಯ ಕಾಗದದ ಸುರುಳಿಗಳನ್ನು ಮುಟ್ಟಿ ನೋಡಿ, "ಒಣಗವೆ, ನೀರು ಕಾಣಿಸ್ರವ್ವ, ನಿಮ್ಗೂ ಬಾಯಾರಾಕಿಲ್ವಾ?" ಎಂದು ಬೈದ ಮೇಲೇ ಅವರ ದಿನ ಶುರು.

ನಾನು ಕೊತ್ತತ್ತಿಯವಳು. ಆ ಲ್ಯಾಬಿಗೆ ಸೇರಿದಾಗ ನನಗೆ ಇಪ್ಪತ್ತೇಳು. ಕೆಲಸ ಬಾರದಿದ್ದರೂ ಬಾಯಿ ಮಾತ್ರ ಚೆನ್ನಾಗಿತ್ತು. ಒದ್ದೆ ಕಾಗದದಲ್ಲಿ ನೂರು ನೂರು ಭತ್ತದ ಕಾಳು ಸಾಲಾಗಿ ಇಟ್ಟು, ಸುತ್ತಿ, ಹದಿನಾಲ್ಕನೇ ದಿನ ಬಿಚ್ಚಿ ಎಣಿಸಬೇಕು. ಒಂದು ಸಲ ಹೊಸ ಕೊಯ್ಲಿನ ಬೀಜ ಬಂತು. ಹದಿನಾಲ್ಕನೇ ದಿನಕ್ಕೂ ಅರ್ಧಕ್ಕರ್ಧ ಮೊಳೆತಿರಲಿಲ್ಲ. ನಾನು 'ಸತ್ತಿವೆ' ಎಂದು ಬರೆದು ಬುಟ್ಟಿಗೆ ಸುರಿಯಲು ಹೊರಟೆ. ದೊಡ್ಡಕ್ಕ ಓಡಿ ಬಂದರು. ಒಂದು ಕಾಳನ್ನು ಮೇಜಿನ ಮೇಲಿಟ್ಟು ಆ ಹೆಬ್ಬೆರಳಿನ ಉಗುರಿನಿಂದ ಒತ್ತಿದರು. ಅದು ಜಗ್ಗಲಿಲ್ಲ.

"ಗಟ್ಟಿಯಾಗದೆ ನೋಡು. ಸತ್ತೋಗಿದ್ರೆ ಪಿಚಕ್ ಅಂತಿತ್ತು. ಇದು ನಿದ್ದೆ ಮಾಡ್ತಾದೆ ಕಣವ್ವ. ಹೊಸ ಭತ್ತ ಅಂಗೇಯ."

ಅದೇ ಚೀಲದ ಒಣಕಾಳನ್ನು ಐದು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮತ್ತೆ ಕಾಗದಕ್ಕೆ ಹಾಕಿಸಿದರು. ಹುಲುಸಾಗಿ ಮೊಳಕೆ ಬಂತು. ನನಗೆ ನಾಚಿಕೆಯಾಯಿತು.

ಆ ವಾರವೇ ಮನೆಯಲ್ಲಿ ಮಳವಳ್ಳಿಯ ಹೈಸ್ಕೂಲ್ ಮೇಷ್ಟ್ರೊಬ್ಬರ ಫೋಟೋ ತೋರಿಸಿದ್ದರು. ಕುಳ್ಳು, ನೆತ್ತಿಯಲ್ಲಿ ಕೂದಲು ಇಲ್ಲ, ಮಾತು ಕಮ್ಮಿಯಂತೆ. ನನಗೋ, ಎತ್ತರ ಇರಬೇಕು, ಮಾತಲ್ಲೇ ಮನೆ ಕಟ್ಟಬೇಕು, ಬೈಕ್ ಹತ್ತಿದರೆ ಊರೇ ತಿರುಗಿ ನೋಡಬೇಕು. ಅಂಥವನೊಬ್ಬ ಕಾಲೇಜಿನಲ್ಲಿ ಸಿಕ್ಕಿದ್ದ, ಎರಡು ವರ್ಷ ನಗಿಸಿ ಕೈಕೊಟ್ಟು ಹೋಗಿದ್ದ. ಆದರೂ ನನ್ನ ಕಣ್ಣು ಅಂಥವರನ್ನೇ ಹುಡುಕುತ್ತಿತ್ತು. ಊಟದ ಹೊತ್ತಿನಲ್ಲಿ ಮೇಷ್ಟ್ರ ಫೋಟೋವನ್ನು ದೊಡ್ಡಕ್ಕನಿಗೆ ತೋರಿಸಿ, "ಇವರು ಬೇಡ ಅಂದುಬಿಟ್ಟೆ," ಎಂದೆ.

"ಬಿಚ್ಚೇ ನೋಡ್ನಿಲ್ಲ, ಬುಟ್ಟಿಗಾಕ್ಬುಟ್ಟಾ?" ಎಂದರು. "ಮೂರ್ನಾಕು ಸಲ ಕೂತು ಮಾತಾಡು. ಆಮೇಲೆ ಬ್ಯಾಡ ಅನ್ನು, ನಾನೇನೂ ಅನ್ನಾಕಿಲ್ಲ."

ಮದ್ದೂರಿನ ಒಂದು ಹೋಟೆಲಿನಲ್ಲಿ ಭೇಟಿಯಾದೆವು. ಅವರಿಗೂ ನನಗೂ ಅದು ನಡುದಾರಿ. ಮೊದಲ ಸಲ ಇಬ್ಬರೂ ಕಾಫಿ ಲೋಟವನ್ನೇ ನೋಡುತ್ತ ಕೂತೆವು. ಎರಡನೆಯ ಸಲ ಅವರು ತಮ್ಮ ಶಾಲೆಯ ಕಥೆಯೊಂದನ್ನು ಮುಖ ಗಂಭೀರವಾಗಿಟ್ಟುಕೊಂಡೇ ಹೇಳಿದರು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಮೂರನೆಯ ಸಲ ನಮ್ಮವ್ವನ ಮೊಣಕಾಲು ನೋವನ್ನು ನೆನಪಿಟ್ಟುಕೊಂಡು ವಿಚಾರಿಸಿದರು. ಫೋಟೋ ನೋಡಿ ಬೇಡವೆಂದದ್ದು ತಪ್ಪಾಗಿತ್ತು, ಅದನ್ನು ಈಗಲೂ ಒಪ್ಪುತ್ತೇನೆ. ಕುಳ್ಳು, ಬೋಳು ಎಲ್ಲ ಮರೆತೇಹೋಗಿತ್ತು. ಅಷ್ಟು ಒಳ್ಳೆಯ ಮನುಷ್ಯ.

ಆದರೆ ಅಲ್ಲಿಗೇ ನಿಂತಿತು. ರಸ್ತೆ ದಾಟುವಾಗ ಅವರ ಕೈ ತಗುಲಿದರೆ ನಾನು ಬ್ಯಾಗನ್ನು ಆ ಕಡೆಯ ಹೆಗಲಿಗೆ ಬದಲಾಯಿಸಿಕೊಳ್ಳುತ್ತಿದ್ದೆ. ಫೋನಿನಲ್ಲಿ ಅವರ ಹೆಸರು ಬಂದರೆ ಉತ್ತರಿಸಬೇಕಲ್ಲ ಎನ್ನಿಸುತ್ತಿತ್ತು. ಐದನೆಯ ಭೇಟಿಯಾಯಿತು, ಆರನೆಯದಾಯಿತು, ಬೇಕೆಂದೇ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿ ನೋಡಿದೆ, ಮನಸ್ಸು ಕದಲಲಿಲ್ಲ. ಒಂದು ಭಾನುವಾರ ಜ್ವರ ಬಂದಿದೆ, ಬರಲಾರೆ ಎಂದರು. 'ಸದ್ಯ!' ಎಂದುಕೊಂಡೆ. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮನೆಯಲ್ಲಿ ಅಷ್ಟರಲ್ಲಿ ಹೂ ಮುಡಿಸುವ ಶಾಸ್ತ್ರಕ್ಕೆ ದಿನ ನೋಡಿದ್ದರು. ಗಂಡಿನ ತಾಯಿ ಬಂದು ಹೆಣ್ಣಿಗೆ ಹೂ ಮುಡಿಸಿದರೆ ಮುಗಿಯಿತು, ಆಮೇಲೆ ಹಿಂದೆಗೆಯುವಂತಿಲ್ಲ. "ಮದ್ವೆ ಆದ್ಮೇಲೆ ಎಲ್ಲಾ ತಾನಾಗೇ ಬತ್ತದೆ ಸುಮ್ನಿರು," ಎಂದಳು ಅವ್ವ. ನಾನೂ ಹಾಗೇ ನಂಬಲು ನೋಡಿದೆ. ಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ ದೊಡ್ಡಕ್ಕನ ಹತ್ತಿರ, "ನೀವೇ ಹೇಳಿದ್ರಲ್ಲ ಅಕ್ಕಾ, ಹೊಸ ಭತ್ತ ನಿದ್ದೆ ಮಾಡುತ್ತೆ ಅಂತ. ಇನ್ನೂ ಸ್ವಲ್ಪ ಕಾದ್ರೆ ಇದೂ ಬರಬಹುದು," ಎಂದೆ.

ಅವರು ಚಿಮಟ ಕೆಳಗಿಟ್ಟರು. "ಜ್ವರ ಅಂತ ಅವ್ರು ಬರ್ನಿಲ್ಲ ಅಂದ್ಯಲ್ಲ, ಆಗ ಏನನ್ನಿಸ್ತು?"

ಹೇಳಿದೆ.

"ಅವ್ರ ಕೈ ಇಡ್ಕೊಬೇಕು ಅಂತ ಒಂದ್ ದಿನನಾರ ಆಸೆ ಬಂತಾ?"

"ಇಲ್ಲ."

"ನಾಳೆ ಅವ್ರು ಬ್ಯಾರೆಯವಳ್ನ ಮದ್ವೆ ಆದ್ರೆ ಒಟ್ಟೆ ಉರಿತದಾ?"

"ಇಲ್ಲಕ್ಕಾ, ಖುಷಿ ಆಗುತ್ತೆ. ಅವರಿಗೆ ಒಳ್ಳೇದಾಗಲಿ."

"ಅಂಗಾರೆ ಬುಡು. ನೋಡು ಅಂದೋಳು ನಾನು, ಕಟ್ಕೊ ಅನ್ನಲಿಲ್ಲ. ಜೀವ ಇದ್ದಿದ್ರೆ ಇಷ್ಟೊತ್ಗೆ ಒಂದೆಳೆ ಬೇರಾದ್ರೂ ಕಾಣ್ತಿತ್ತು. ಇದು ನಿನ್ ತಪ್ಪೂ ಅಲ್ಲ, ಅವ್ರ ತಪ್ಪೂ ಅಲ್ಲ."

"ಒಳ್ಳೆಯವರು ಅಕ್ಕಾ, ಅವರನ್ನು ಹೇಗೆ ನೋಯಿಸಲಿ?"

ದೊಡ್ಡಕ್ಕ ಕೈ ಒರೆಸಿಕೊಂಡರು. ಕಿಟಕಿಯ ಕಡೆ ತಿರುಗಿ ಹೇಳಿದರು: "ನಮ್ಮನೆಯವ್ರೂ ಒಳ್ಳೇವ್ರು ಕಣವ್ವ. ಮೂವತ್ತು ವರ್ಸಾಯ್ತು, ಒಂದೇಟು ಒಡ್ದವ್ರಲ್ಲ. ಒತ್ತೊತ್ತಿಗೆ ಮುದ್ದೆ ಇಕ್ಕಿವ್ನಿ, ಜ್ವರ ಬಂದ್ರೆ ಕಾಲು ಒತ್ತಿವ್ನಿ. ಆದ್ರೆ ಅವ್ರು ಬಾಗ್ಲು ತಗ್ದು ಒಳಿಕ್ ಬಂದ್ರೆ ನನ್ನ ಮಕ ಒಂದಿನಾನೂ ಅರಳ್ನಿಲ್ಲ. ಅದು ಅವ್ರಿಗೆ ಗೊತ್ತು. ಗೊತ್ತಿದ್ದೂ ದಿನಾ ನನ್ನ ಮಕ ನೋಡ್ತಾರೆ. ಇವತ್ತು ಮೇಷ್ಟ್ರುಗೆ ಒಂದ್ಸಲ ನೋವಾಯ್ತದೆ. ಅದನ್ನ ಮೂವತ್ತು ವರ್ಸ ಮಾಡ್ಬ್ಯಾಡ."

ಜಾತಕ ಕೂಡಲಿಲ್ಲ ಎಂದು ಬ್ರೋಕರ್ ಕೈಲಿ ಹೇಳಿಸೋಣವೆಂದೆ. ನಮ್ಮ ಕಡೆ ಹಾಗೇ ತಾನೇ ಮಾಡುವುದು. ದೊಡ್ಡಕ್ಕ ಕೆಂಡಾಮಂಡಲವಾದರು. "ಆರು ಸಲ ಎದ್ರುಗ್ ಕೂತು ಕಾಪಿ ಕುಡ್ದವ್ಳು ನೀನು. ಬ್ರೋಕ್ರು ಕುಡುದ್ನಾ?" ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಮದ್ದೂರಿಗೆ ಬಂದು, ದೂರದ ಮೇಜಿನಲ್ಲಿ ಬೆನ್ನು ಹಾಕಿ ಕೂತರು.

ನಾನು ತಡವರಿಸುತ್ತ ಹೇಳಿ ಮುಗಿಸಿದೆ. ಮೇಷ್ಟ್ರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಕಿವಿ ಕೆಂಪಗಾಗಿತ್ತು. "ನಂಗೂ ಅನ್ನಿಸಿತ್ತು," ಎಂದರು. "ನಾನು ಮಾತಾಡಿದ್ರೆ ನೀವು ಕೇಳ್ತಿದ್ರಿ. ಆದ್ರೆ ಯಾವತ್ತೂ ಕಾಯ್ತಿರ್ಲಿಲ್ಲ. ಜಾತಕದ ನೆಪ ಹೇಳಲಿಲ್ಲವಲ್ಲ, ಅಷ್ಟು ಸಾಕು." ಅವರು ಹೋದ ಮೇಲೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ದೊಡ್ಡಕ್ಕ ಬಂದು ಪಕ್ಕದಲ್ಲಿ ಕೂತು, ತಣ್ಣಗಾದ ನನ್ನ ಕಾಫಿಯನ್ನು ತಾವೇ ಕುಡಿದರು.

ಅವ್ವ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಮೇಷ್ಟ್ರಿಗೆ ಮರುವರ್ಷ ಮದುವೆಯಾಯಿತು, ನನಗೆ ನಿಜಕ್ಕೂ ಖುಷಿಯಾಯಿತು.

ಎರಡು ವರ್ಷ ಕಳೆದು ನಮ್ಮ ಲ್ಯಾಬಿನ ಬೆಚ್ಚಗಿನ ಪೆಟ್ಟಿಗೆ ಕೆಟ್ಟಿತು. ರಿಪೇರಿಗೆ ಬಂದವನು ದಢೂತಿ ಆಸಾಮಿ. ಕೈಯೆಲ್ಲ ಮಸಿ, ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ. ಮೊದಲ ದಿನ ನಾನು ಅವನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಮೂರನೆಯ ಸಲ ಬರುವ ಹೊತ್ತಿಗೆ ಗೇಟಿನಲ್ಲಿ ಅವನ ಗಾಡಿಯ ಸದ್ದು ಯಾವುದೆಂದು ನನ್ನ ಕಿವಿಗೆ ಗೊತ್ತಾಗಿತ್ತು. ಆಮೇಲೆ ಅವನು ಬರದಿದ್ದಾಗ ಸಿಕ್ಕಸಿಕ್ಕವರ ಮೇಲೆಲ್ಲ ರೇಗಾಡಿದೆ. ದೊಡ್ಡಕ್ಕ ಕಾಳು ಎಣಿಸುತ್ತಲೇ, "ಪೆಟ್ಗೆ ರಿಪೇರಿ ಆಗಿ ವಾರಾಯ್ತು. ಅವನ್ಯಾಕ್ ಬರ್ಬೇಕು?" ಎಂದು ಕೇಳಿ, ನನ್ನ ಮುಖ ನೋಡಿ, ಬಾಯ್ತುಂಬ ನಕ್ಕರು. ನಮ್ಮ ಮದುವೆಯಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂತವರೂ ಅವರೇ.

ದೊಡ್ಡಕ್ಕ ಹೋದ ವರ್ಷ ತೀರಿಕೊಂಡರು. ಕೆರಗೋಡಿಗೆ ಹೋದಾಗ ಅವರ ಯಜಮಾನರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಅವರು ಬಾಗಿಲ ಕಡೆ ನೋಡುತ್ತ, "ಒಳ್ಳೇವ್ಳು ಕಣವ್ವ," ಎಂದರು.

ಆ ದಿನ ಸಂಜೆ ಮನೆಗೆ ಬಂದು ಅಕ್ಕಿ ಆರಿಸುತ್ತ ಕೂತಿದ್ದೆ. ಗೇಟಿನಲ್ಲಿ ನನ್ನ ಗಂಡನ ಗಾಡಿ ನಿಂತ ಸದ್ದಾಯಿತು. ಮೊರ ಕೆಳಗಿಟ್ಟು ಎದ್ದೆ. ಅಷ್ಟು ದುಃಖದಲ್ಲೂ ನನ್ನ ಮುಖ ತಾನಾಗಿ ಅರಳಿತು. ಬಾಗಿಲು ತೆಗೆಯುವ ಮೊದಲು ಒಂದು ಗಳಿಗೆ ಅಲ್ಲೇ ನಿಂತು ದೊಡ್ಡಕ್ಕನನ್ನು ನೆನೆದು ಅತ್ತುಬಿಟ್ಟೆ.